ಹಳೇ ವಾರ್ನಿಂಗ್ ಲೆಟರ್ ಎಷ್ಟು ವರ್ಷ ಬೆನ್ನು ಹತ್ತುತ್ತದೆ? ಚಾರ್ಜ್‌ಶೀಟ್ ಬಂದಿದೆ, ತಿಳಿದವರು ಹೇಳಿ

ಚಾಕಣ್_ಬಸು

ಎಲ್ಲರಿಗೂ ನಮಸ್ಕಾರ. ಚಾಕಣ್‌ನ ಒಂದು ಡೈಕಾಸ್ಟಿಂಗ್ ಕಂಪನಿಯಲ್ಲಿ ಆಪರೇಟರ್ ಇದ್ದೇನೆ, ಪರ್ಮನೆಂಟ್ ಆಗಿ ಒಂಬತ್ತು ವರ್ಷ ಆಯಿತು. ಕಂಪನಿ ಹೆಸರು ಬೇಡ. ಹೋದ ವಾರ ಚಾರ್ಜ್‌ಶೀಟ್ ಕೊಟ್ಟಿದ್ದಾರೆ. ಎರಡನೇ ಪಾಳಿಯಲ್ಲಿ ಸೂಪರ್‌ವೈಸರ್‌ಗೆ ಹೇಳದೆ ಮಷಿನ್ ಬಿಟ್ಟು ಹೋದೆ, ಆ ಹೊತ್ತಿನಲ್ಲಿ ಬಂದ ಮಾಲು ರಿಜೆಕ್ಟ್ ಆಯಿತು ಅಂತ. ಹೊಟ್ಟೆ ಕೆಟ್ಟಿತ್ತು, ಪಕ್ಕದ ಮಷಿನ್ನಿನವನಿಗೆ ಹೇಳಿ ಹೋಗಿದ್ದೆ. ಸೂಪರ್‌ವೈಸರ್ ಆಗ ಲೈನಿನಲ್ಲಿ ಇರಲೇ ಇಲ್ಲ. ಅದನ್ನು ನಾನು ಎನ್ಕ್ವಾಯರಿಯಲ್ಲಿ ಹೇಳಿಕೊಳ್ಳುತ್ತೇನೆ, ಅದರ ಬಗ್ಗೆ ಚಿಂತೆ ಇಲ್ಲ.

ಚಿಂತೆ ಇರುವುದು ಕೊನೇ ಪ್ಯಾರಾ ಬಗ್ಗೆ. "ನಿಮ್ಮ ಹಿಂದಿನ ದಾಖಲೆಯೂ ಸರಿಯಿಲ್ಲ" ಅಂತ ಬರೆದು ಮೂರು ವಾರ್ನಿಂಗ್ ಲೆಟರ್ ತಾರೀಖು ಹಾಕಿದ್ದಾರೆ. 2021ರ ಜೂನ್‌ನಲ್ಲಿ ತಡವಾಗಿ ಬಂದದ್ದಕ್ಕೆ ಒಂದು, 2023ರ ನವೆಂಬರ್‌ನಲ್ಲಿ ಶಾಪ್‌ಫ್ಲೋರ್‌ನಲ್ಲಿ ಮೊಬೈಲ್ ನೋಡಿದ್ದಕ್ಕೆ ಒಂದು, 2024ರ ಆಗಸ್ಟ್‌ನಲ್ಲಿ ಸೇಫ್ಟಿ ಗ್ಲಾಸ್ ಹಾಕಿಲ್ಲ ಅಂತ ಇನ್ನೊಂದು. ಮೂರನೇ ಪತ್ರ ನಾನು ಕಣ್ಣಿಂದ ನೋಡಿಯೇ ಇಲ್ಲ. ಕಂಪನಿಯ ಪುಸ್ತಕದಲ್ಲಿ ವಾರ್ನಿಂಗ್ 12 ತಿಂಗಳು ಆಕ್ಟಿವ್ ಇರುತ್ತದೆ ಅಂತ ಇದೆ. ಹಾಗಿದ್ದರೆ ಇವೆಲ್ಲ ಮುಗಿದು ಹೋದ ಮಾತಲ್ವಾ? ಇವನ್ನು ಹಿಡಿದು ಕೆಲಸದಿಂದ ತೆಗೆಯಬಹುದಾ? ಉತ್ತರ ಕೊಡಲು 72 ಗಂಟೆ ಕೊಟ್ಟಿದ್ದರು, ಕೇಳಿಕೊಂಡು ಒಂದು ವಾರ ಮಾಡಿಸಿಕೊಂಡಿದ್ದೇನೆ.

ವಿದ್ಯಾ_ಎಚ್ಆರ್_ಬಾಣೇರ್

ಬಸು ಅವರೇ, ನಾನು ಎಚ್ಆರ್‌ನಲ್ಲೇ ಇರೋದು, ಅದಕ್ಕೆ ಹೇಳ್ತಿದ್ದೇನೆ. ಹೆದರಬೇಡಿ. ಮೊದಲನೇ ಲಿಖಿತ ವಾರ್ನಿಂಗ್ ಆರು ತಿಂಗಳು, ಕೊನೇ ವಾರ್ನಿಂಗ್ 12 ತಿಂಗಳು, ಅದೇ ನಿಯಮ. ಅವಧಿ ಮುಗಿದ ಮೇಲೆ ಅದು ಸತ್ತ ಹಾಗೆ, ಎಲ್ಲೂ ಎತ್ತುವ ಹಾಗಿಲ್ಲ. ನಿಮ್ಮ ಮೂರೂ ಅವಧಿ ಮೀರಿವೆ. ಒಂದು ಸಾಲು ಬರೆದು ಕೊಡಿ, ಆ ಪ್ಯಾರಾ ತಾನಾಗಿ ಬಿದ್ದು ಹೋಗುತ್ತದೆ.

ಮುಲುಂಡ್_ರಾಮಣ್ಣ

ಅಕ್ಕಾರೆ, ನಿಯಮ ನಿಮ್ಮ ಆಫೀಸಿನದ್ದು, ಶಾಪ್‌ಫ್ಲೋರ್‌ನಲ್ಲಿ ನಡೆಯುವುದೇ ಬೇರೆ. ಒಂದು ಸಲ ಚಾರ್ಜ್‌ಶೀಟ್ ಬಂತು ಅಂದರೆ ಮೇಲೆ ಎಲ್ಲ ತೀರ್ಮಾನ ಆಗಿರುತ್ತದೆ. ಬಸು, ಲೆಕ್ಕಪತ್ರ ಮಾತಾಡಿ ದುಡ್ಡು ತಗೊಂಡು ಹೊರಡು. ಒಂಬತ್ತು ವರ್ಷಕ್ಕೆ ಗ್ರಾಚ್ಯುಯಿಟಿನೂ ಬರುತ್ತದೆ. ಕೋರ್ಟಿಗೆ ಹೋದವರ ಚಪ್ಪಲಿ ಸವೆದದ್ದು ನೋಡಿದ್ದೇನೆ.

ಹಿಂಜವಡಿ_ಹುಡುಗ

ಇದೇ ಡೌಟು ನನಗೂ ಇತ್ತು. ನನಗೆ ಹೋದ ಅಪ್ರೈಸಲ್‌ನಲ್ಲಿ ವಾರ್ನಿಂಗ್ ಮೇಲ್ ಬಂತು, ಕೆಲಸ ಸುಧಾರಿಸಿಕೋ ಅಂತ ಪಿಐಪಿಗೂ ಹಾಕಿದರು. ಈಗ ಬೇರೆ ಕಂಪನಿ ಆಫರ್ ಇದೆ. ಬ್ಯಾಕ್‌ಗ್ರೌಂಡ್ ಚೆಕ್‌ನಲ್ಲಿ ಈ ವಾರ್ನಿಂಗ್ ಎಷ್ಟು ವರ್ಷ ಕಾಣುತ್ತದೆ? ರಿಲೀವಿಂಗ್ ಲೆಟರ್‌ನಲ್ಲಿ ಬರೆಯುತ್ತಾರಾ?

ಕುರ್ಲಾ_ಕಾಕಾ

ಒಂದೊಂದಾಗಿ ಬರುತ್ತೇನೆ. ನಾನು ಯೂನಿಯನ್ ಕೆಲಸದಲ್ಲಿ ತಲೆ ಬೆಳ್ಳಗೆ ಮಾಡಿಕೊಂಡವನು, ವಕೀಲ ಅಲ್ಲ. ಡೊಮೆಸ್ಟಿಕ್ ಎನ್ಕ್ವಾಯರಿಗಳಲ್ಲಿ ಕೆಲಸಗಾರರ ಕಡೆಯಿಂದ ಕೂತು ಕೂತು ಕಲಿತದ್ದು.

ಹಿಂಜವಡಿ ತಮ್ಮಾ, ನಿನ್ನದು ಬೇರೆ ಪ್ರಶ್ನೆ. ಹಳೇ ಕಂಪನಿಯವರು ಹೊಸಬರಿಗೆ ಸಾಮಾನ್ಯವಾಗಿ ಹುದ್ದೆ, ತಾರೀಖು, ಯಾಕೆ ಬಿಟ್ಟ ಅನ್ನುವುದಷ್ಟೇ ಹೇಳುತ್ತಾರೆ. ಬೇರೆ ಥ್ರೆಡ್ ತೆಗೆದು ಕೇಳು, ಇಲ್ಲಿ ಬಸು ನೌಕರಿ ಪ್ರಶ್ನೆ ಇದೆ.

ವಿದ್ಯಾ ತಾಯಿ, ನೀವು ಹೇಳಿದ ಆರು ತಿಂಗಳು, ಹನ್ನೆರಡು ತಿಂಗಳು ಇಂಗ್ಲೆಂಡಿನ ಪದ್ಧತಿ. ನಿಮ್ಮ ಕಂಪನಿಯ ಮೂಲ ಅಲ್ಲಿಯದ್ದೇ ಇರಬೇಕು, ಅವರ ಪುಸ್ತಕವನ್ನು ಪುಣೆಯಲ್ಲಿ ಹಾಗೇ ಅಚ್ಚು ಹಾಕಿಸಿರುತ್ತಾರೆ. ನಮ್ಮಲ್ಲಿ ವಾರ್ನಿಂಗ್ ಇಷ್ಟು ತಿಂಗಳಿಗೆ ಸಾಯುತ್ತದೆ ಅಂತ ಯಾವ ಕಾನೂನಿನಲ್ಲೂ ಇಲ್ಲ. ಮಹಾರಾಷ್ಟ್ರದ ಮಾಡೆಲ್ ಸ್ಟ್ಯಾಂಡಿಂಗ್ ಆರ್ಡರ್, ಅಂದರೆ ಕಾರ್ಖಾನೆಗಳಿಗೆ ಸರ್ಕಾರ ಹಾಕಿಕೊಟ್ಟ ಸೇವಾ ನಿಯಮಗಳ ಮಾದರಿ, ತೆಗೆದು ನೋಡಿ. 24ನೇದರಲ್ಲಿ ದುರ್ವರ್ತನೆಗಳ ಪಟ್ಟಿ ಇದೆ, 25ರಲ್ಲಿ ಶಿಕ್ಷೆ ಇದೆ: ವಾರ್ನಿಂಗ್, ದಂಡ, ನಾಲ್ಕು ದಿನದವರೆಗೆ ಸಸ್ಪೆನ್ಶನ್, ವಜಾ. ಶಿಕ್ಷೆ ಕೊಡುವ ಸಾಹೇಬರು ತಪ್ಪು ಎಷ್ಟು ದೊಡ್ಡದು ಅಂತಲೂ, ಕೆಲಸಗಾರನ ಹಿಂದಿನ ದಾಖಲೆ ಏನು ಅಂತಲೂ ನೋಡಲೇಬೇಕು ಅಂತ ಅದೇ 25ರಲ್ಲಿ ಬರೆದಿದೆ. ಹಿಂದಿನ ದಾಖಲೆ ಅಂದರೆ ಎಷ್ಟು ಹಿಂದಿನದು? ಅದಕ್ಕೆ ಗಡುವು ಹಾಕಿಲ್ಲ. ಹಾಗಾಗಿ ಐದು ವರ್ಷದ ಹಿಂದಿನ ಪತ್ರವೂ ಫೈಲಿನಲ್ಲಿ ಇರಬಹುದು, ಎತ್ತಲೂಬಹುದು. ಎತ್ತಿದ್ದಕ್ಕೆ ತೂಕ ಎಷ್ಟು, ಅದೇ ಜಗಳ.

ಬಸು, ಮೊದಲು ಇಷ್ಟು ಹೇಳು. ಚಾರ್ಜ್‌ಶೀಟಿನಲ್ಲಿ ಆರೋಪದ ಎದುರಿಗೆ ಸ್ಟ್ಯಾಂಡಿಂಗ್ ಆರ್ಡರ್ ಕಲಮು ಯಾವುದು ಹಾಕಿದ್ದಾರೆ, ಅದರ ಶಬ್ದ ಏನಿದೆ, ಇದ್ದ ಹಾಗೇ ಇಲ್ಲಿ ಹಾಕು. ಎರಡನೆಯದು, ಆ ಮೂರು ಪತ್ರ ಕೊಡುವ ಮೊದಲು ನಿನ್ನಿಂದ ಉತ್ತರ ಕೇಳಿದ್ದರಾ?

ಚಾಕಣ್_ಬಸು

ಕಾಕಾ, ನೋಡಿದೆ. "ಕೆಲಸದಲ್ಲಿ ಹ್ಯಾಬಿಚುವಲ್ ನೆಗ್ಲಿಜೆನ್ಸ್" ಅಂತಲೂ, "ಶಿಸ್ತಿಗೆ ವಿರುದ್ಧವಾದ ನಡತೆ" ಅಂತಲೂ ಎರಡು ಇವೆ.

2021ರದ್ದಕ್ಕೆ ಏನೂ ಕೇಳಿರಲಿಲ್ಲ, ನೇರ ಪತ್ರ ಕೈಗೆ ಕೊಟ್ಟು ಸಹಿ ಹಾಕಿಸಿಕೊಂಡರು. ಮರಾಠಿಯಲ್ಲಿತ್ತು. ಆಗ ನನಗೆ ಮರಾಠಿ ಮಾತಾಡಲು ಬರುತ್ತಿತ್ತು, ಓದಲು ಅಷ್ಟು ಬರುತ್ತಿರಲಿಲ್ಲ. 2023ರದ್ದಕ್ಕೆ ಮೊದಲು ಮೆಮೊ ಬಂತು, ನಾನು ಉತ್ತರ ಬರೆದು ಕೊಟ್ಟೆ, ಆಮೇಲೆ ವಾರ್ನಿಂಗ್ ಬಂತು. 2024ರದ್ದು ಹೇಳಿದೆನಲ್ಲ, ಕೈಗೆ ಬಂದೇ ಇಲ್ಲ.

ಕುರ್ಲಾ_ಕಾಕಾ

ಹ್ಯಾಬಿಚುವಲ್ ಅಂತ ಹಾಕಿದ್ದಾರೆ ಅಂದರೆ ಆಟವೇ ಬೇರೆ. ಇದನ್ನು ಸ್ವಲ್ಪ ಬಿಡಿಸಿ ಬರೆಯುತ್ತೇನೆ, ಓದು.

ಹಳೇ ವಾರ್ನಿಂಗ್ ಎರಡು ಬಾಗಿಲಿನಿಂದ ಒಳಗೆ ಬರುತ್ತದೆ. ಹೆಚ್ಚಾಗಿ ಬರುವುದು ಶಿಕ್ಷೆಯ ಬಾಗಿಲಿನಿಂದ. ಆರೋಪ ಸಾಬೀತಾದ ಮೇಲೆ ಎಷ್ಟು ಶಿಕ್ಷೆ ಅನ್ನುವಾಗ ಹಳೇದು ತೆಗೆಯುತ್ತಾರೆ. ಆಗ ಅದು ಆರೋಪಕ್ಕೆ ಸಾಕ್ಷಿ ಅಲ್ಲ. 2023ರಲ್ಲಿ ಮೊಬೈಲ್ ನೋಡಿದ್ದೆ ಅಂದ ಮಾತ್ರಕ್ಕೆ ಈಗ ಮಷಿನ್ ಬಿಟ್ಟು ಹೋದೆ ಅಂತ ಆಗುವುದಿಲ್ಲ. ಎನ್ಕ್ವಾಯರಿ ಆಫೀಸರ್ ತನ್ನ ವರದಿಯಲ್ಲಿ "ಇವನ ಹಿಂದಿನ ನಡತೆ ನೋಡಿದರೆ ಇದನ್ನೂ ಮಾಡಿರುತ್ತಾನೆ" ಅನ್ನುವ ಧಾಟಿಯಲ್ಲಿ ಬರೆದರೆ ಅದು ವರದಿಯ ದೋಷ, ಕೋರ್ಟಿನಲ್ಲಿ ಹಿಡಿಯಬಹುದು.

ಇನ್ನೊಂದು ಬಾಗಿಲು ಆರೋಪದ್ದೇ. ಹ್ಯಾಬಿಚುವಲ್ ಅಂತ ಕಲಮು ಹಾಕಿದಾಗ ಹಿಂದೆಯೂ ಮಾಡಿದ್ದ ಅನ್ನುವುದು ಆರೋಪದ ಭಾಗವೇ ಆಗುತ್ತದೆ. ಆಗ ಹಳೇ ಘಟನೆಗಳನ್ನು ಅವರು ಎನ್ಕ್ವಾಯರಿಯಲ್ಲಿ ಸಾಕ್ಷಿ ಸಮೇತ ತೋರಿಸಬೇಕು. ಇಲ್ಲೇ ನಮ್ಮ ರಾಜ್ಯದ ಮಾಡೆಲ್ ಸ್ಟ್ಯಾಂಡಿಂಗ್ ಆರ್ಡರ್ 24ರ ಕೆಳಗೆ ಒಂದು ವಿವರಣೆ ಇದೆ, ಬಹಳ ಜನ ಅದನ್ನು ಓದುವುದೇ ಇಲ್ಲ: ಒಂದು ವರ್ಷದ ಒಳಗೆ ಮೂರು ಸಲಕ್ಕಿಂತ ಕಡಿಮೆ ಮಾಡಿದ ತಪ್ಪನ್ನು ಹ್ಯಾಬಿಚುವಲ್ ಅನ್ನುವ ಹಾಗಿಲ್ಲ. ವಾರ್ನಿಂಗ್ ವಿಷಯದಲ್ಲಿ ಕಾನೂನು ಕ್ಯಾಲೆಂಡರ್ ನೋಡುವ ಜಾಗ ಅಂದರೆ ಇದೇ.

ನಿನ್ನ ತಾರೀಖುಗಳನ್ನು ಅದರಲ್ಲಿ ಇಟ್ಟು ನೋಡು. 2021, 2023, 2024, ಈಗಿನದು. ಯಾವ ಒಂದು ವರ್ಷ ತೆಗೆದುಕೊಂಡರೂ ಒಳಗೆ ಮೂರು ಬೀಳುವುದಿಲ್ಲ. ಮೇಲಾಗಿ ತಡವಾಗಿ ಬಂದದ್ದು, ಮೊಬೈಲು, ಸೇಫ್ಟಿ ಗ್ಲಾಸು, ಒಂದಕ್ಕೊಂದು ಸಂಬಂಧ ಇಲ್ಲದ್ದು. ಹಾಗಾಗಿ ಆ ಕಲಮು ನಿಲ್ಲುವುದು ಕಷ್ಟ. ಶಿಸ್ತಿನ ಕಲಮು ಮಾತ್ರ ಉಳಿಯುತ್ತದೆ. ಅದಕ್ಕೆ ಮೂರು ಸಲ ಬೇಕಾಗಿಲ್ಲ, ಒಂದೇ ಘಟನೆ ಸಾಕು. ಅದನ್ನು ಮರೆಯಬೇಡ.

ಎಚ್ಚರ ಏನು ಅಂದರೆ, ಆ ವಿವರಣೆ ಲೆಕ್ಕ ಹಾಕುವುದು ತಪ್ಪು ಮಾಡಿದ ಸಲಗಳನ್ನು, ಪತ್ರಗಳನ್ನು ಅಲ್ಲ. ಪತ್ರ ಕೊಡದೆ ಬಿಟ್ಟ ಘಟನೆಯನ್ನೂ ಅವರು ಸಾಕ್ಷಿ ಹಾಕಿ ಸಾಬೀತು ಮಾಡಬಹುದು. ಇನ್ನೊಂದು, ನಿಮ್ಮ ಕಂಪನಿಗೆ ಬೇರೆ ಸರ್ಟಿಫೈಡ್ ಸ್ಟ್ಯಾಂಡಿಂಗ್ ಆರ್ಡರ್ ಇದ್ದರೆ ಅದರಲ್ಲಿ ಶಬ್ದ ಬೇರೆ ಇರಬಹುದು. ಪೂರ್ತಿ ಪ್ರತಿ ತಗೋ.

ವೆರ್ನಾ_ಸುರೇಶ

ಗೋವಾದಿಂದ ಬರೆಯುತ್ತಿದ್ದೇನೆ. ನಂದೂ ಹೀಗೇ ಆಗಿತ್ತು. ವೆರ್ನಾದಲ್ಲಿ ಒಂದು ಫ್ಯಾಕ್ಟರಿ ಪ್ಯಾಕಿಂಗ್ ವಿಭಾಗದಲ್ಲಿದ್ದೆ. ಲೇಬಲ್ ಅದಲುಬದಲು ಆಯಿತು ಅಂತ ವಾರ್ನಿಂಗ್ ಕೊಟ್ಟರು, ಸಹಿ ಹಾಕಿದೆ, ಮುಗಿಯಿತು ಅಂದುಕೊಂಡೆ. ನಾಲ್ಕು ತಿಂಗಳಾದ ಮೇಲೆ ಗ್ರಾಹಕರಿಂದ ದೂರು ಬಂತು ಅಂತ ಅದೇ ಬ್ಯಾಚಿಗೆ, ಅದೇ ದಿನದ ಕೆಲಸಕ್ಕೆ ಚಾರ್ಜ್‌ಶೀಟ್ ಕೊಟ್ಟರು. ಒಂದೇ ತಪ್ಪಿಗೆ ಎರಡು ಸಲ ಹೊಡೆಯಬಹುದಾ ಸಾರ್? ಪಣಜಿಯ ಲೇಬರ್ ಕಮಿಷನರ್ ಆಫೀಸಿಗೆ ಹೋದ ಮೇಲೆ ಅವರೇ ರಾಜಿಗೆ ಬಂದರು. ಈಗ ಬೇರೆ ಕಡೆ ಇದ್ದೇನೆ. ಆದರೆ ಆ ಪ್ರಶ್ನೆ ತಲೆಯಲ್ಲೇ ಉಳಿದಿದೆ.

ಕುರ್ಲಾ_ಕಾಕಾ

ಸುರೇಶಪ್ಪಾ, ಅದೇ ಘಟನೆಗೆ ಒಂದು ಸಲ ವಾರ್ನಿಂಗ್ ಅಂತ ಶಿಕ್ಷೆ ಕೊಟ್ಟು ಮುಗಿಸಿದ ಮೇಲೆ, ಅದೇ ಘಟನೆಗೆ ಇನ್ನೊಂದು ಶಿಕ್ಷೆ ಕೊಡುವ ಹಾಗಿಲ್ಲ. ನಿಮ್ಮ ಕೇಸಿನಲ್ಲಿ ಅವರು ರಾಜಿಗೆ ಬಂದದ್ದು ಸುಮ್ನೆ ಅಲ್ಲ. ಮುಂದೆ ಬೇರೆ ತಪ್ಪು ಆದಾಗ ಹಳೇದನ್ನು ನೆನಪಿಸುವುದು ಬೇರೆ, ಹಳೇದಕ್ಕೇ ಮತ್ತೆ ಶಿಕ್ಷೆ ಹಾಕುವುದು ಬೇರೆ. ಬಸು ಕೇಸಿನಲ್ಲಿ ಮೊದಲನೆಯದು ನಡೆಯುತ್ತಿದೆ.

ಆದರೆ ಪತ್ರದಲ್ಲಿ "ತನಿಖೆ ಮುಗಿಯುವವರೆಗೆ ಎಚ್ಚರಿಸಲಾಗಿದೆ" ಅನ್ನುವ ಥರ ಏನಾದರೂ ಇದ್ದರೆ ಅವರು ಅದು ಶಿಕ್ಷೆಯೇ ಅಲ್ಲ ಅನ್ನುತ್ತಾರೆ. ಅದೇ ತಕರಾರು ಬಸು ಪತ್ರಗಳಿಗೂ ಬರಬಹುದು. ಉತ್ತರ ಕೇಳದೆ ಕೊಟ್ಟದ್ದು ಎಷ್ಟೋ ಸಲ ಬರೀ ತಾಕೀತು ಪತ್ರ. ಕೆಲವರು ಅದಕ್ಕೆ ಅಡ್ವೈಸರಿ ಅಂತಲೂ ತಲೆಬರಹ ಹಾಕುತ್ತಾರೆ. ಅದನ್ನು ಆಮೇಲೆ "ಹಿಂದೆ ಶಿಕ್ಷೆ ಆಗಿತ್ತು" ಅಂತ ಎತ್ತಿದರೆ, ಅದು ಯಾವ ಆರೋಪಕ್ಕೆ, ಯಾವ ಉತ್ತರ ನೋಡಿ ಕೊಟ್ಟದ್ದು ಅಂತ ಕೇಳಬಹುದು.

ವಿದ್ಯಾ_ಎಚ್ಆರ್_ಬಾಣೇರ್

ಕಾಕಾ, ನಮ್ಮ ಕಂಪನಿ ಬ್ರಿಟಿಷ್ ಮೂಲದ್ದೇ, ಸರಿ, ಆ ಅವಧಿ ಅಲ್ಲಿಂದ ಬಂದಿರಬಹುದು. ಆದರೂ ಒಂದು ಮಾತು ಬಿಟ್ಟುಕೊಡಲ್ಲ. ಬಸು ಅವರ ಕಂಪನಿ ತಾನೇ 12 ತಿಂಗಳು ಅಂತ ಬರೆದಿದೆ. ಕಾನೂನಿನಲ್ಲಿ ಇಲ್ಲದಿದ್ದರೇನು, ತಾವೇ ಬರೆದ ಮಾತಿಗೆ ತಾವೇ ಕಟ್ಟುಬೀಳಬೇಕಲ್ವಾ? ಕೆಲಸಗಾರ ಆ ಮಾತು ನಂಬಿಕೊಂಡು ಇರುತ್ತಾನೆ. ನಮ್ಮಲ್ಲಿ ನಾನು 12 ತಿಂಗಳು ದಾಟಿದ ಪತ್ರವನ್ನು ಚಾರ್ಜ್‌ಶೀಟಿನಲ್ಲಿ ಹಾಕಲು ಬಿಡುವುದಿಲ್ಲ.

ಕುರ್ಲಾ_ಕಾಕಾ

ನೀವು ಬಿಡುವುದಿಲ್ಲ, ಸಂತೋಷ. ಎಲ್ಲರೂ ನಿಮ್ಮ ಹಾಗೆ ಇದ್ದರೆ ನನಗೆ ಕೆಲಸ ಇರುತ್ತಿರಲಿಲ್ಲ.

ನಿಮ್ಮ ಮಾತಿನಲ್ಲಿ ಬಲ ಇದೆ, ಆದರೆ ಪುಸ್ತಕದ ವಾಕ್ಯ ಪೂರ್ತಿ ಓದಬೇಕು. "ಆಕ್ಟಿವ್" ಅಂದರೆ ಯಾವುದಕ್ಕೆ ಆಕ್ಟಿವ್? ಕೆಲವು ಕಡೆ ಇನ್‌ಕ್ರಿಮೆಂಟು, ಬಡ್ತಿ ತಡೆಯಲು ಮಾತ್ರ 12 ತಿಂಗಳು ಅಂತ ಇರುತ್ತದೆ. ಕೆಲವು ಕಡೆ 12 ತಿಂಗಳ ಒಳಗೆ ಇನ್ನೊಂದು ತಪ್ಪು ಮಾಡಿದರೆ ಮುಂದಿನ ಮೆಟ್ಟಿಲಿಗೆ ಹೋಗುತ್ತದೆ ಅಂತ ಇರುತ್ತದೆ. ಅವಧಿ ಮುಗಿದ ಮೇಲೆ ಫೈಲಿನಿಂದ ತೆಗೆದುಹಾಕುತ್ತೇವೆ, ಯಾವುದಕ್ಕೂ ಪರಿಗಣಿಸುವುದಿಲ್ಲ ಅಂತ ಬರೆದಿದ್ದರೆ ಅದು ಬಸುಗೆ ಒಳ್ಳೇ ಆಯುಧ. ಬರೀ ಆಕ್ಟಿವ್ ಅಂತ ಬಿಟ್ಟಿದ್ದರೆ ಅವರ ವಕೀಲ ಹೇಳುತ್ತಾನೆ: ಮೆಟ್ಟಿಲು ಹತ್ತಿಸಲು ಅವಧಿ ಮುಗಿದಿದೆ, ದಾಖಲೆ ದಾಖಲೆಯೇ.

ಇಂಗ್ಲೆಂಡಿನಲ್ಲಿಯೇ ಇದು ನೀವು ಅಂದಷ್ಟು ಸಲೀಸಾಗಿಲ್ಲ. 2008ರಲ್ಲಿ ಏರ್‌ಬಸ್ ಕಂಪನಿಯ ಕೇಸಿನಲ್ಲಿ ಅಲ್ಲಿನ ಮೇಲ್ಮನವಿ ಕೋರ್ಟು, ಅವಧಿ ಮುಗಿದ ವಾರ್ನಿಂಗನ್ನು ಲೆಕ್ಕಕ್ಕೆ ತೆಗೆದುಕೊಂಡ ಮಾತ್ರಕ್ಕೆ ವಜಾ ಅನ್ಯಾಯ ಆಗುವುದಿಲ್ಲ ಅಂದಿತು. ಅಲ್ಲಿ ಹೊಸ ತಪ್ಪು ತಾನಾಗಿಯೇ ಕೆಲಸದಿಂದ ತೆಗೆಯುವಷ್ಟು ದೊಡ್ಡದಿತ್ತು ಅನ್ನಿ.

ಮುಲುಂಡ್_ರಾಮಣ್ಣ

ಕೇಸು ಅಂದಿರಲ್ಲ, ಪುಣೆಯದ್ದೇ ಒಂದು ಇದೆಯಲ್ಲ, ನಿದ್ದೆ ಮಾಡಿದವನದ್ದು. ಬರೀ ನಿದ್ದೆಗೆ ಕೆಲಸ ಹೋಯಿತು. ಅದಕ್ಕೇ ಹೇಳಿದ್ದು, ದುಡ್ಡು ತಗೊಂಡು ಹೊರಡು ಅಂತ.

ಕುರ್ಲಾ_ಕಾಕಾ

ರಾಮಣ್ಣಾ, ಅರ್ಧ ಕೇಸು ಹೇಳಿದಿ. ಭಾರತ್ ಫೋರ್ಜ್ ಕೇಸು ಅದು. 1983ರ ಆಗಸ್ಟ್ 26, ಮೊದಲ ಪಾಳಿ, ಬೆಳಿಗ್ಗೆ 11:40ಕ್ಕೆ ಕೆಲಸಗಾರ ಕಬ್ಬಿಣದ ಪ್ಲೇಟಿನ ಮೇಲೆ ಮಲಗಿದ್ದು ಸಿಕ್ಕಿತು. ಎನ್ಕ್ವಾಯರಿ ಆಗಿ ವಜಾ ಆಯಿತು. ಕೇಸು ಎಷ್ಟೋ ವರ್ಷ ತಿರುಗಿ ಸುಪ್ರೀಂ ಕೋರ್ಟಿಗೆ ಹೋಯಿತು. 2005ರಲ್ಲಿ ಕೋರ್ಟು ಕಂಪನಿ ಕೊಟ್ಟ ವಜಾ ಸರಿ ಅಂದಿತು. ನೀನು ಬಿಟ್ಟದ್ದು ಇದು: ಅದಕ್ಕೂ ಮೊದಲೇ ಮೂರು ಸಲ ಅವನು ತಪ್ಪಿತಸ್ಥ ಅಂತ ಆಗಿ ಸಣ್ಣ ಶಿಕ್ಷೆ ಪಡೆದು ಉಳಿದಿದ್ದ. ತೀರ್ಪು ಓದಿದರೆ ಆ ಮೂರು ಎದ್ದು ಕಾಣುತ್ತವೆ.

ಅದಕ್ಕೆ ಏಳು ವರ್ಷ ಮೊದಲು, 1998ರಲ್ಲಿ, ಕಲರ್ ಕೆಮ್ ಕೇಸು. ಅಲ್ಲಿಯೂ ನಿದ್ದೆಯೇ, ರಾತ್ರಿ ಪಾಳಿಯಲ್ಲಿ ಮಷಿನ್ ಓಡುತ್ತಿರುವಾಗ. ಅಲ್ಲಿ ಅದೇ ಸುಪ್ರೀಂ ಕೋರ್ಟು ವಜಾ ಅತಿಯಾಯಿತು ಅಂತ ಕೆಲಸಗಾರರ ಕಡೆ ನಿಂತಿತು. ಎರಡರ ನಡುವೆ ಹಳೇ ದಾಖಲೆ ಒಂದೇ ವ್ಯತ್ಯಾಸ ಅಂತ ನಾನು ಹೇಳುವುದಿಲ್ಲ, ಕೇಸು ಕೇಸಿಗೂ ಬೇರೆ ಇರುತ್ತದೆ. ಆದರೆ ತಪ್ಪು ಚಿಕ್ಕದಿದ್ದಾಗ ಫೈಲಿನಲ್ಲಿ ಏನಿದೆ ಅನ್ನುವುದು ತಕ್ಕಡಿ ಎತ್ತ ಬಾಗಬೇಕು ಅಂತ ಹೇಳಿಬಿಡುತ್ತದೆ. ಕಳ್ಳತನ, ಹೊಡೆದಾಟದಂಥದ್ದು ಆದರೆ ಫೈಲು ಸ್ವಚ್ಛ ಇದ್ದರೂ ಉಳಿಯುವುದು ಕಷ್ಟ.

ಅದಕ್ಕೇ ಮಹಾರಾಷ್ಟ್ರದಲ್ಲಿ ಯೂನಿಯನ್ ಮಾನ್ಯತೆ, ಅನುಚಿತ ಕಾರ್ಮಿಕ ಪದ್ಧತಿ ಇವುಗಳ ಬಗ್ಗೆ ಇರುವ 1971ರ ಎಂಆರ್‌ಟಿಯು ಪಲ್ಪ್ ಕಾನೂನಿನ ನಾಲ್ಕನೇ ಶೆಡ್ಯೂಲಿನಲ್ಲಿ, ಮೊದಲನೇ ಐಟಂನ ಜಿ ಅಂತ ಒಂದು ಇದೆ. ಚಿಕ್ಕ ತಪ್ಪಿಗೆ, ತಪ್ಪಿನ ಸ್ವರೂಪವನ್ನೂ ಹಿಂದಿನ ಸೇವೆಯನ್ನೂ ನೋಡದೆ, ಎದೆ ನಡುಗುವಷ್ಟು ಜಾಸ್ತಿ ಶಿಕ್ಷೆ ಕೊಟ್ಟು ತೆಗೆದರೆ ಅದು ಅನುಚಿತ ಪದ್ಧತಿ. ಹಿಂದಿನ ಸೇವೆ ಅಂದರೆ ಬರೀ ವಾರ್ನಿಂಗ್ ಅಲ್ಲ ಬಸು. ಒಂಬತ್ತು ವರ್ಷದಲ್ಲಿ ಹಾಜರಿ ಬಹುಮಾನ, ಕೈಜೆನ್ ಸರ್ಟಿಫಿಕೇಟು, ಒಳ್ಳೇ ರಿವ್ಯೂ ಏನಾದರೂ ಬಂದಿದ್ದರೆ ಅದೂ ದಾಖಲೆಯೇ. ಅವರು ಹಾಕುವುದಿಲ್ಲ, ನೀನು ಹಾಕಬೇಕು.

ಚಾಕಣ್_ಬಸು

ಕೈಜೆನ್‌ಗೆ ಎರಡು ಸಲ ಸರ್ಟಿಫಿಕೇಟ್ ಕೊಟ್ಟಿದ್ದಾರೆ, ಮನೆಯಲ್ಲಿದೆ. ಅದು ಉಪಯೋಗಕ್ಕೆ ಬರುತ್ತದೆ ಅಂತ ಗೊತ್ತಿರಲಿಲ್ಲ.

ಈಗ ಉತ್ತರದಲ್ಲಿ ಏನು ಬರೆಯಲಿ? ಮೂರೂ ಪತ್ರದ ಕಥೆ ಉದ್ದಕ್ಕೆ ಬರೆಯಬೇಕಾ? 2023ರಲ್ಲಿ ಮೊಬೈಲ್ ಯಾಕೆ ನೋಡಿದೆ ಅಂತ ಎಲ್ಲ?

ಕುರ್ಲಾ_ಕಾಕಾ

ಬೇಡ. ಹಳೇದಕ್ಕೆ ಈಗ ಸಮರ್ಥನೆ ಬರೆಯಲು ಹೋದರೆ ನೀನೇ ಅದನ್ನು ಜಗಳದ ಮಧ್ಯಕ್ಕೆ ತಂದ ಹಾಗೆ. ಈಗಿನ ಘಟನೆಗೆ ಪೂರ್ತಿ ಉತ್ತರ ಬರೆ. ಹೊಟ್ಟೆ ಕೆಟ್ಟದ್ದು, ಯಾರಿಗೆ ಹೇಳಿ ಹೋದದ್ದು, ಸೂಪರ್‌ವೈಸರ್ ಎಲ್ಲಿದ್ದರು, ಎಷ್ಟು ಹೊತ್ತಿಗೆ ವಾಪಸ್ ಬಂದದ್ದು. ಆಮೇಲೆ ಕೊನೇ ಪ್ಯಾರಾಗೆ ಇಷ್ಟೇ ಬರೆ:

"ಆರೋಪಪತ್ರದ ಕೊನೆಯ ಪ್ಯಾರಾದಲ್ಲಿ ಹೇಳಿರುವ ಹಿಂದಿನ ಪತ್ರಗಳಿಗೂ ಈಗಿನ ಆರೋಪಕ್ಕೂ ಸಂಬಂಧವಿಲ್ಲ. ದಿನಾಂಕಗಳನ್ನು ನೋಡಿದರೆ ಹ್ಯಾಬಿಚುವಲ್ ಎಂಬ ಆರೋಪ ನಿಲ್ಲುವುದಿಲ್ಲ. 2021ರ ಪತ್ರ ನನ್ನ ಉತ್ತರ ಕೇಳದೆ ಕೊಟ್ಟದ್ದು. 2024ರ ಪತ್ರ ನನಗೆ ತಲುಪಿಲ್ಲ. ಮೂರೂ ಪತ್ರಗಳ ಪ್ರತಿ ಮತ್ತು ಅವು ತಲುಪಿದ್ದಕ್ಕೆ ಇರುವ ಪುರಾವೆ ಕೊಡಬೇಕು. ಕಂಪನಿಯ ಕೈಪಿಡಿಯ ಪ್ರಕಾರ ಅವಧಿ ಮುಗಿದ ಪತ್ರಗಳನ್ನು ಪರಿಗಣಿಸಬಾರದು ಎಂಬ ನನ್ನ ಹಕ್ಕನ್ನು ಕಾಯ್ದಿರಿಸಿಕೊಂಡಿದ್ದೇನೆ."

ಇಂಗ್ಲಿಷಿನಲ್ಲೋ ಮರಾಠಿಯಲ್ಲೋ ಬರೆಸು, ಒಂದು ಪ್ರತಿಯ ಮೇಲೆ ಕಂಪನಿಯ ಇನ್‌ವರ್ಡ್ ಮುದ್ರೆ ಹಾಕಿಸಿಕೊ. ಕೊಡಲ್ಲ ಅಂದರೆ ರಿಜಿಸ್ಟರ್ಡ್ ಪೋಸ್ಟ್ ಮಾಡು.

ವೆರ್ನಾ_ಸುರೇಶ

ತಲುಪಿಲ್ಲ ಅನ್ನುವುದು ದೊಡ್ಡ ವಿಷಯವಾ ಸಾರ್? ಅವರು "ತೆಗೆದುಕೊಳ್ಳಲು ನಿರಾಕರಿಸಿದ" ಅಂತ ಬರೆದು ಇಟ್ಟಿರುತ್ತಾರೆ ಅಲ್ವಾ. ನಮ್ಮಲ್ಲಿ ಸೆಕ್ಯುರಿಟಿಯವನ ಸಹಿ ಹಾಕಿಸಿ ಇಡುತ್ತಿದ್ದರು.

ವಿದ್ಯಾ_ಎಚ್ಆರ್_ಬಾಣೇರ್

ಇದಕ್ಕೆ ನಾನು ಹೇಳುತ್ತೇನೆ, ನಮ್ಮ ಮೇಜಿನ ಕೆಲಸವೇ ಇದು. ಪತ್ರ ಒಲ್ಲೆ ಅಂದರೆ ಇಬ್ಬರು ಸಾಕ್ಷಿ ಮುಂದೆ ನೋಟ್ ಹಾಕಿ, ಅದೇ ದಿನ ಮನೆ ವಿಳಾಸಕ್ಕೆ ಪೋಸ್ಟ್ ಮಾಡಿ, ನೋಟೀಸ್ ಬೋರ್ಡಿಗೂ ಹಾಕುತ್ತೇವೆ. ಸರಿಯಾಗಿ ಮಾಡುವ ಕಡೆ ಪೋಸ್ಟ್ ರಸೀದಿ ಫೈಲಿನಲ್ಲೇ ಇರುತ್ತದೆ. ಬರೀ "ನಿರಾಕರಿಸಿದ" ಅಂತ ಒಂದು ಸಾಲು ಇದ್ದು ರಸೀದಿ ಇಲ್ಲದಿದ್ದರೆ ನಾನಾದರೂ ಅದನ್ನು ನಂಬುವುದಿಲ್ಲ. ಬಸು ಅವರೇ, ಆ ದಿನದ ನಿಮ್ಮ ಹಾಜರಿಯನ್ನೂ ಕೇಳಿ. ಒಂದು ಕಡೆ ಹೀಗೆ ಆಗಿತ್ತು: ರಜೆಯಲ್ಲಿದ್ದವನು ಗೇಟಿನಲ್ಲಿ ಪತ್ರ ನಿರಾಕರಿಸಿದ ಅಂತ ಬರೆದಿಟ್ಟಿದ್ದರು.

ಚಾಕಣ್_ಬಸು

ಅಕ್ಕಾ, ಒಳ್ಳೇ ಮಾತು ಹೇಳಿದಿರಿ. 2024ರ ಆಗಸ್ಟ್‌ನಲ್ಲಿ ನಾಗರ ಪಂಚಮಿಗೆ ಊರಿಗೆ ಹೋಗಿದ್ದೆ, ಇಂಡಿಗೆ. ಪತ್ರದ ತಾರೀಖು ಆ ರಜೆಯ ಒಳಗೆ ಬರುತ್ತದಾ ಇಲ್ಲವಾ ಅಂತ ಲೀವ್ ಕಾರ್ಡ್ ನೋಡಿ ಹೇಳುತ್ತೇನೆ.

ಹಿಂಜವಡಿ_ಹುಡುಗ

ಕಾಕಾ, ಬೇರೆ ಥ್ರೆಡ್ ಮಾಡಿದ್ದೇನೆ, ಯಾರೂ ಉತ್ತರ ಕೊಟ್ಟಿಲ್ಲ ಬಿಡಿ. ಇಲ್ಲೇ ಒಂದು ಕೇಳುತ್ತೇನೆ. ಈ ಸ್ಟ್ಯಾಂಡಿಂಗ್ ಆರ್ಡರ್ ಎಲ್ಲ ಹೋಗಿ ಹೊಸ ಲೇಬರ್ ಕೋಡ್ ಬಂತಲ್ಲ? ಇನ್ನೂ ಹಳೇದೇ ಹಿಡಿದು ಮಾತಾಡುತ್ತಿದ್ದೀರಿ.

ಕುರ್ಲಾ_ಕಾಕಾ

ಈ ಸಲ ಸರಿಯಾದ ಪ್ರಶ್ನೆ. 2025ರ ನವೆಂಬರ್ 21ರಿಂದ ಕೇಂದ್ರದ ಇಂಡಸ್ಟ್ರಿಯಲ್ ರಿಲೇಷನ್ಸ್ ಕೋಡ್ ಜಾರಿಗೆ ಬಂದಿದೆ. ಅದರ ಪ್ರಕಾರ ಸ್ಟ್ಯಾಂಡಿಂಗ್ ಆರ್ಡರ್ ಕಡ್ಡಾಯ ಆಗುವುದು 300 ಜನ ಕೆಲಸಗಾರರು ಇದ್ದ ಕಡೆ. ಮಹಾರಾಷ್ಟ್ರದಲ್ಲಿ ಮೊದಲು 50 ಇತ್ತು. ಚಿಕ್ಕ ಕಾರ್ಖಾನೆಯವರಿಗೆ ಇದು ದೊಡ್ಡ ಪೆಟ್ಟು. ಅಲ್ಲಿ ಇನ್ನು ಮುಂದೆ ನೇಮಕ ಪತ್ರ, ಕೈಪಿಡಿ ಇವುಗಳಲ್ಲಿ ಬರೆದದ್ದೇ ಮುಖ್ಯ ಆಗುತ್ತದೆ, ವಿದ್ಯಾ ತಾಯಿಯ 12 ತಿಂಗಳ ವಾದಕ್ಕೂ ಅಲ್ಲಿ ಬಲ ಜಾಸ್ತಿ.

ಎಂಆರ್‌ಟಿಯು ಪಲ್ಪ್ ರಾಜ್ಯದ ಕಾನೂನು. ಕೋಡ್ ರದ್ದು ಮಾಡಿದ್ದು ಕೇಂದ್ರದ ಮೂರು ಕಾನೂನುಗಳನ್ನು, ಆ ಪಟ್ಟಿಯಲ್ಲಿ ಇದು ಇಲ್ಲ. ಆದರೆ ಎರಡೂ ಒಂದಕ್ಕೊಂದು ಹೇಗೆ ಹೊಂದುತ್ತವೆ ಅನ್ನುವುದರ ಮೇಲೆ ಮುಂದೆ ಬಹಳ ವಾದ ನಡೆಯುತ್ತದೆ. ಬಸು, ನಿಮ್ಮಲ್ಲಿ ಎಷ್ಟು ಜನ?

ಚಾಕಣ್_ಬಸು

ಪರ್ಮನೆಂಟ್ ಸುಮಾರು 340, ಕಾಂಟ್ರಾಕ್ಟಿನವರು ಬೇರೆ.

ಕುರ್ಲಾ_ಕಾಕಾ

ಹಾಗಾದರೆ ನಿನಗೆ ಆ ತೊಂದರೆ ಇಲ್ಲ. ಆದರೂ ಇದೊಂದನ್ನು ವಕೀಲರ ಹತ್ತಿರ ಕೂತು ಕೇಳಿಕೋ. ತೆಗೆದೇ ಹಾಕಿದರೆ ಅನುಚಿತ ಪದ್ಧತಿ ದೂರು ಕೊಡಲು 90 ದಿನ ಮಾತ್ರ ಇರುತ್ತದೆ, ರಾಜಿ ಮಾತುಕತೆ ನಡೀತಿದೆ ಅಂತ ಕೂತು ಅದನ್ನು ಕಳೆದುಕೊಂಡವರು ಇದ್ದಾರೆ.

ಇನ್ನೊಂದು ಹಂತ ಹೇಳಿ ಮುಗಿಸುತ್ತೇನೆ. ಎನ್ಕ್ವಾಯರಿ ಮುಗಿದ ಮೇಲೆ ವರದಿ ಪ್ರತಿಯ ಜೊತೆ ಎರಡನೇ ಶೋ ಕಾಸ್ ಬರುವುದು ರೂಢಿ. ವಜಾ ಮಾಡಬೇಕು ಅಂತಿದ್ದೇವೆ, ಏನು ಹೇಳುತ್ತೀಯ ಅಂತ. ಹಳೇ ದಾಖಲೆಯನ್ನು ಶಿಕ್ಷೆಗೆ ಬಳಸುವುದಿದ್ದರೆ ಅದನ್ನು ಚಾರ್ಜ್‌ಶೀಟಿನಲ್ಲೋ ಈ ನೋಟೀಸಿನಲ್ಲೋ ಹೇಳಿ ನಿನ್ನ ಉತ್ತರ ಕೇಳಬೇಕು. ಹೇಳದೆ ಕೊನೇ ಆರ್ಡರಿನಲ್ಲಿ ಮಾತ್ರ ತುರುಕಬಾರದು. ಇದು ಹುಟ್ಟಿದ್ದು ನಮ್ಮ ಮೈಸೂರು ಸರ್ಕಾರದ ಮೇಲಿನ ಮಂಚೇಗೌಡ ಕೇಸಿನಿಂದ, 1963ರ ಸುಪ್ರೀಂ ಕೋರ್ಟು ತೀರ್ಪು. ಸರ್ಕಾರಿ ನೌಕರನ ಕೇಸು ಅದು, ಆದರೂ ಕಾರ್ಖಾನೆ ಕೇಸುಗಳಲ್ಲೂ ಎತ್ತುತ್ತಾರೆ. ನಿನಗೆ ಚಾರ್ಜ್‌ಶೀಟಿನಲ್ಲೇ ಹೇಳಿದ್ದಾರೆ, ಹಾಗಾಗಿ ಈ ತಕರಾರು ನಿನಗೆ ಸಿಗುವುದಿಲ್ಲ. ಹೊಸದಾಗಿ ನಾಲ್ಕನೇ ಪತ್ರ ಆರ್ಡರಿನಲ್ಲಿ ಕಾಣಿಸಿಕೊಂಡರೆ ಆಗ ಸಿಗುತ್ತದೆ.

ವಿದ್ಯಾ_ಎಚ್ಆರ್_ಬಾಣೇರ್

ಅದೂ ಕಡ್ಡಾಯ ಅಂತ ಇಲ್ಲ ಅಲ್ವಾ ಕಾಕಾ? ನಮ್ಮ ವಕೀಲರು ಹೇಳುತ್ತಿದ್ದರು, ತಪ್ಪು ತಾನಾಗಿಯೇ ಗಂಭೀರ ಇದ್ದರೆ ಹಳೇದನ್ನು ಹೇಳದೆ ಬಿಟ್ಟರೂ ಆರ್ಡರ್ ಬೀಳುವುದಿಲ್ಲ ಅಂತ.

ಕುರ್ಲಾ_ಕಾಕಾ

2009ರಲ್ಲಿ ಸುಪ್ರೀಂ ಕೋರ್ಟು ಹಾಗೆ ಹೇಳಿದೆ, ಹೌದು. ಗಂಭೀರ ತಪ್ಪಿಗೆ ಕೊಟ್ಟ ಶಿಕ್ಷೆಗೆ ಹಳೇದು ಬರೀ ಒತ್ತಾಸೆ ಆಗಿದ್ದರೆ ಪರವಾಗಿಲ್ಲ ಅಂತ. ಆದರೆ ಹೊಟ್ಟೆ ಕೆಟ್ಟು ಮಷಿನ್ ಬಿಟ್ಟದ್ದನ್ನು ಅಷ್ಟು ಗಂಭೀರ ಅಂತ ಯಾರು ಒಪ್ಪುತ್ತಾರೆ? ಅದನ್ನು ವಜಾ ಮಟ್ಟಕ್ಕೆ ಎತ್ತಲು ಅವರಿಗೆ ಆ ಮೂರು ಪತ್ರ ಬೇಕೇ ಬೇಕು. ಅದಕ್ಕೇ ಮೂರನೆಯದನ್ನೂ ಸೇರಿಸಿದ್ದು ಅಂತ ನನ್ನ ಗುಮಾನಿ.

ಮುಲುಂಡ್_ರಾಮಣ್ಣ

ಸರಿ ಕಾಕಾ, ಒಪ್ಪಿದೆ. ಆದರೂ ಒಂದು ಕಣ್ಣು ಸೆಟಲ್‌ಮೆಂಟ್ ಮೇಲೆ ಇರಲಿ. ಫೈಲು ಸಡಿಲ ಇದ್ದರೆ ಅವರು ಕೊಡುವ ಮೊತ್ತ ಜಾಸ್ತಿ ಆಗುತ್ತದೆ, ಅಷ್ಟಂತೂ ನನಗೂ ಗೊತ್ತು.

ಚಾಕಣ್_ಬಸು

ಲೀವ್ ಕಾರ್ಡ್ ಸಿಕ್ಕಿತು. ಪತ್ರದ ತಾರೀಖಿನ ದಿನ ನಾನು ಪಾಳಿಯಲ್ಲೇ ಇದ್ದೆ. ರಜೆ ಶುರುವಾದದ್ದು ಅದರ ಮಾರನೇ ದಿನ. ಅಂದರೆ ಅಕ್ಕ ಹೇಳಿದ ದಾರಿ ಮುಚ್ಚಿತು, ರಸೀದಿ ಇದೆಯಾ ಇಲ್ಲವಾ ಅನ್ನುವುದೊಂದೇ ಉಳಿಯಿತು. ಕೈಪಿಡಿಯ ಪೂರ್ತಿ ಪುಟ ಎಚ್ಆರ್‌ನವರು ಇನ್ನೂ ಕೊಟ್ಟಿಲ್ಲ, ಸೋಮವಾರ ಬನ್ನಿ ಅಂದಿದ್ದಾರೆ. ಉತ್ತರ ಇವತ್ತು ಬರೆಸಿ, ನಾಳೆ ಬೆಳಿಗ್ಗೆ ಇನ್‌ವರ್ಡ್‌ಗೆ ಕೊಡುತ್ತೇನೆ. ಕಾಕಾ, ಎನ್ಕ್ವಾಯರಿಗೆ ನನ್ನ ಕಡೆಯಿಂದ ನಮ್ಮದೇ ಡಿಪಾರ್ಟ್‌ಮೆಂಟಿನವನನ್ನು ಕೂರಿಸಲಾ, ಯೂನಿಯನ್‌ನವರನ್ನಾ?

ಕುರ್ಲಾ_ಕಾಕಾ

ನೀನು ಸದಸ್ಯ ಇದ್ದರೆ ಯೂನಿಯನ್ ಪದಾಧಿಕಾರಿಯನ್ನು ಕೂರಿಸು. ಡಿಪಾರ್ಟ್‌ಮೆಂಟಿನವನಿಗೆ ಮರುದಿನ ಅದೇ ಸೂಪರ್‌ವೈಸರ್ ಕೆಳಗೆ ಕೆಲಸ ಮಾಡಬೇಕಿರುತ್ತದೆ. ಪಕ್ಕದ ಮಷಿನ್ನಿನವನನ್ನು ಸಾಕ್ಷಿಗೆ ಇಟ್ಟುಕೋ. ಅವನು ಬರುತ್ತಾನಾ ಅಂತ ಇವತ್ತೇ ಕೇಳು.

ಚಾಕಣ್_ಬಸು

ಕೇಳಿದೆ. "ನೋಡೋಣ" ಅಂದ.